ಟೇಬಲ್ ಹಲಗೆ ಎಷ್ಟು ದಪ್ಪ ಇದೆ? ಮಾನಿಟರ್ ಆರ್ಮ್, ಕೀಬೋರ್ಡ್ ಚಾನೆಲ್, ವೈರ್ ತೂತು ಹಾಕುವ ಮುಂಚೆ ನೋಡಬೇಕಾದ್ದು

ಮೂರು ವಸ್ತು ತಂದು ಒಂದೇ ಭಾನುವಾರ ಟೇಬಲ್‌ಗೆ ಕೂರಿಸಲು ಹೋದವರು ಸಾಮಾನ್ಯವಾಗಿ ಮೂರೇ ರೀತಿಯಲ್ಲಿ ಸೋಲುತ್ತಾರೆ. ಸ್ಕ್ರೂ ಸನ್‌ಮೈಕಾ ಸೀಳಿಕೊಂಡು ಮೇಲೆ ಬರುತ್ತದೆ. ಮಾನಿಟರ್ ಆರ್ಮ್‌ನ ಕ್ಲ್ಯಾಂಪ್ ಬಿಗಿದ ಜಾಗದಲ್ಲಿ ಹಲಗೆ ಒಳಕ್ಕೆ ಕುಸಿಯುತ್ತದೆ. ಕೀಬೋರ್ಡ್ ಟ್ರೇ ಒಳಗೆ ತಳ್ಳಿದರೆ ಕೀಬೋರ್ಡ್ ಹಲಗೆಯ ಅಂಚಿಗೆ ಬಡಿಯುತ್ತದೆ. ಮೂರಕ್ಕೂ ಕಾರಣ ಒಂದೇ: ಹಲಗೆಯ ದಪ್ಪವನ್ನು ಅಂಚಿನಲ್ಲಿ ಮಾತ್ರ ನೋಡಿ, ಅದೇ ದಪ್ಪ ಎಲ್ಲ ಕಡೆ ಇದೆ ಎಂದುಕೊಳ್ಳುವುದು.

ನಾನೂ ಅದನ್ನೇ ಮಾಡಿದ್ದೆ. ಅಂಚು 36 ಮಿ.ಮೀ. ಕಾಣುತ್ತಿತ್ತು, ಧೈರ್ಯವಾಗಿ ಒಂದಿಂಚು ಸ್ಕ್ರೂ ಹಾಕಿದೆ. ಹಲಗೆ ಇದ್ದದ್ದು 18. ಟೇಬಲ್ ಮೇಲೆ ಇವತ್ತಿಗೂ ನಾಲ್ಕು ಗಾಯ ಇವೆ, ಮೌಸ್ ಪ್ಯಾಡ್ ಮುಚ್ಚಿಕೊಂಡಿದೆ. ಮುಂದೆ ಉದಾಹರಣೆಗೆ ಕೊಡುವುದೆಲ್ಲ ಅದೇ ಟೇಬಲ್‌ನ ಅಳತೆ: 1200 ಮಿ.ಮೀ. ಉದ್ದ, 600 ಅಗಲ, 750 ಎತ್ತರ, ಪಾರ್ಟಿಕಲ್ ಬೋರ್ಡ್. ಕೂರಿಸಬೇಕಾಗಿದ್ದದ್ದು ಆರ್ಮ್ ಮೇಲೆ 27 ಇಂಚಿನ ಮಾನಿಟರ್, ಚಾನೆಲ್ ಎಂಬ ಜಾರುಪಟ್ಟಿಯ ಮೇಲೆ ಒಳಗೆ ಹೊರಗೆ ಓಡುವ ಒಂದು ಕೀಬೋರ್ಡ್ ಟ್ರೇ, ಒಂದು 60 ಮಿ.ಮೀ. ವೈರ್ ತೂತು.

## ಬೇಕಾದ ಸಾಮಾನು

ಸ್ಟೀಲ್ ಸ್ಕೇಲ್, ಮೆಷರಿಂಗ್ ಟೇಪ್, ಪೆನ್ಸಿಲ್, ಡ್ರಿಲ್ ಮಷಿನ್, 2 ಮತ್ತು 2.5 ಮಿ.ಮೀ. ಬಿಟ್, 60 ಮಿ.ಮೀ. ಹೋಲ್ ಸಾ, ಕೈಯಲ್ಲಿ ತಿರುಗಿಸುವ ಸ್ಕ್ರೂಡ್ರೈವರ್, ಮಾಸ್ಕಿಂಗ್ ಟೇಪ್, ಫೆವಿಕಾಲ್, 18 ಮಿ.ಮೀ. ಪ್ಲೈವುಡ್‌ನ ಚೂರುಗಳು. ಪ್ಲೈವುಡ್ ಚೂರು ಯಾವ ಕಾರ್ಪೆಂಟರ್ ಹತ್ತಿರ ಕೇಳಿದರೂ ಸಿಗುತ್ತದೆ. ಹೋಲ್ ಸಾ ಒಂದೇ ತೂತಿಗೆ ಕೊಳ್ಳುವುದು ದಂಡ ಅನ್ನಿಸಿದರೆ ಅವರ ಹತ್ತಿರವೇ ಒಂದು ದಿನಕ್ಕೆ ಕೇಳಿ ನೋಡಿ.

ಅಂಗಡಿಯಲ್ಲಿ ತೂತಿಗೆ ಹಾಕುವ ಪ್ಲಾಸ್ಟಿಕ್ ಬಳೆಗೆ ಗ್ರಾಮೆಟ್ ಅಂದರೆ ಕೆಲವರಿಗೆ ಅರ್ಥವಾಗುವುದಿಲ್ಲ. ‘ವೈರ್ ಮ್ಯಾನೇಜರ್’ ಅನ್ನಿ, ತಕ್ಷಣ ಕೊಡುತ್ತಾರೆ.

## 1. ದಪ್ಪವನ್ನು ಮೂರು ಜಾಗದಲ್ಲಿ ಅಳೆಯಿರಿ

ಟೇಬಲ್ ಕೆಳಗೆ ಮಲಗಿ ನೋಡಿ. ತುಂಬಾ ಟೇಬಲ್‌ಗಳಲ್ಲಿ ಹಲಗೆ ನಿಜಕ್ಕೂ 18 ಮಿ.ಮೀ. ಇರುತ್ತದೆ. ದಪ್ಪ ಕಾಣಲಿ ಅಂತ ಅಂಚಿನ ಸುತ್ತ ಇನ್ನೊಂದು 18 ಮಿ.ಮೀ. ಪಟ್ಟಿ ಅಂಟಿಸಿರುತ್ತಾರೆ. ಎದುರಿನಿಂದ ನೋಡಿದರೆ 36, ಕೈ ಒಳಗೆ ಹಾಕಿದರೆ 18.

ಹಾಗಾಗಿ ಮುಂದಿನ ಅಂಚು, ಹಿಂದಿನ ಅಂಚು, ನಡುವಿನ ಹಲಗೆ, ಈ ಮೂರನ್ನೂ ಬೇರೆ ಬೇರೆ ಬರೆದುಕೊಳ್ಳಿ. ಪಟ್ಟಿಯ ಅಗಲವನ್ನೂ ಬರೆಯಿರಿ. ನನ್ನ ಟೇಬಲ್‌ನಲ್ಲಿ ಮುಂದೆ 36, ಹಿಂದೆ 36, ನಡುವೆ 18, ಪಟ್ಟಿಯ ಅಗಲ 50. ಈ ನಾಲ್ಕು ಸಂಖ್ಯೆ ಇಲ್ಲದೆ ಅಂಗಡಿಗೆ ಹೋಗಬೇಡಿ.

ಕಾರ್ಪೆಂಟರ್ ಮಾಡಿದ ಪ್ಲೈವುಡ್ ಟೇಬಲ್ ಆದರೆ ಲೆಕ್ಕ ಸ್ವಲ್ಪ ಬೇರೆ. 18 ಮಿ.ಮೀ. ಪ್ಲೈ ಮೇಲೆ 1 ಮಿ.ಮೀ. ಸನ್‌ಮೈಕಾ, ಕೆಳಗೆ ತೆಳು ಲೈನರ್ ಸೇರಿ ಸುಮಾರು 20 ಬರುತ್ತದೆ. ಆ ಎರಡು ಮಿ.ಮೀ. ಸ್ಕ್ರೂ ವಿಷಯದಲ್ಲಿ ನಿಮ್ಮನ್ನು ಉಳಿಸುತ್ತದೆ.

## 2. ಒಳಗೆ ಏನಿದೆ ಅಂತ ಪರೀಕ್ಷಿಸಿ

34 ಮಿ.ಮೀ. ದಪ್ಪ ಇದೆ, ಆದರೆ ಒಬ್ಬರೇ ಸುಲಭವಾಗಿ ಎತ್ತಬಹುದು ಅಂದರೆ ಅನುಮಾನ ಪಡಿ. ಅಂಥ ಹಲಗೆಯ ಒಳಗೆ ಜೇನುಗೂಡಿನ ಹಾಗೆ ಮಡಚಿದ ಕಾಗದ ಇರುತ್ತದೆ. ಮೇಲೆ ಕೆಳಗೆ ತೆಳು ಹಾಳೆ, ಸುತ್ತ ಒಂದು ಮರದ ಚೌಕಟ್ಟು, ಅಷ್ಟೇ. ನಡುವೆ ಬೆರಳಿನಿಂದ ಕುಟ್ಟಿದರೆ ಡಬ್ಬದ ಸದ್ದು, ಅಂಚಿಗೆ ಬಂದಂತೆ ಗಟ್ಟಿ ಸದ್ದು.

ಖಾತ್ರಿಯಾಗಬೇಕಾದರೆ ಕೆಳಗಿನಿಂದ, ಕಾಣದ ಮೂಲೆಯ ಹತ್ತಿರ ಆದರೆ ಚೌಕಟ್ಟು ಬಿಟ್ಟು, 2 ಮಿ.ಮೀ. ಬಿಟ್‌ನಲ್ಲಿ 6 ಮಿ.ಮೀ. ಆಳ ಮಾತ್ರ ಕೊರೆಯಿರಿ. ಹುಡಿ ಒಂದೇ ಸಮ ಬರುತ್ತಿದ್ದರೆ ಗಟ್ಟಿ ಹಲಗೆ. ಮೂರು ನಾಲ್ಕು ಮಿ.ಮೀ. ಆದ ಮೇಲೆ ಬಿಟ್ ದಡಕ್ಕನೆ ಒಳಗೆ ಹೋದರೆ ಒಳಗೆ ಖಾಲಿ.

ಖಾಲಿ ಹಲಗೆಗೆ ಕೀಬೋರ್ಡ್ ಚಾನೆಲ್ ನೇರವಾಗಿ ಹಾಕುವ ಆಸೆ ಬಿಡಿ. ಸ್ಕ್ರೂ ಹಿಡಿಯಲು ಅಲ್ಲಿ ಏನೂ ಇಲ್ಲ. ಆರ್ಮ್ ಹಾಕಲೇಬೇಕು ಅಂದರೆ ಕ್ಲ್ಯಾಂಪ್‌ನ ಮೇಲೆ ಕೆಳಗೆ ದೊಡ್ಡ ಪ್ಲೇಟ್ ಇಟ್ಟು, ಚೌಕಟ್ಟಿನ ಮರದ ಮೇಲೆಯೇ ಒತ್ತಡ ಬೀಳುವ ಹಾಗೆ ಕೂರಿಸಬೇಕು. ವೈರ್ ತೂತಿನಲ್ಲೂ ತೊಂದರೆ ಇದೆ. ವೈರ್ ಮ್ಯಾನೇಜರ್‌ನ ಕೊಳವೆ ಸಾಮಾನ್ಯವಾಗಿ 20 ಮಿ.ಮೀ. ಆಸುಪಾಸು ಇರುತ್ತದೆ, 34ರ ಹಲಗೆಯ ತಳಕ್ಕೆ ಮುಟ್ಟುವುದಿಲ್ಲ. ವೈರು ಎಳೆದಾಗಲೆಲ್ಲ ಒಳಗಿನ ಕಾಗದ ಹರಿದು ಕೆಳಗೆ ಉದುರುತ್ತದೆ.

ಗಾಜಿನ ಟೇಬಲ್‌ಗೆ ಕ್ಲ್ಯಾಂಪ್ ಬೇಡವೇ ಬೇಡ, ಟಫನ್ಡ್ ಗಾಜಾದರೂ. ಕಿಟಕಿ ಪಕ್ಕದ ಗ್ರಾನೈಟ್ ಕಟ್ಟೆಯನ್ನೇ ಆಫೀಸ್ ಮಾಡಿಕೊಂಡವರು ಅದರ ಹೊರಚಾಚಿದ ಅಂಚಿಗೆ ಆರ್ಮ್ ಬಿಗಿಯುವುದನ್ನು ನೋಡಿದ್ದೇನೆ. ಕಲ್ಲು ಮೇಲಿನಿಂದ ಎಷ್ಟು ಭಾರ ಬೇಕಾದರೂ ತಾಳುತ್ತದೆ, ಬಗ್ಗಿಸುವ ಬಲ ತಾಳುವುದಿಲ್ಲ. ಅಲ್ಲಿ ಗೋಡೆಗೆ ಹಾಕುವ ಆರ್ಮ್ ತರಿಸಿ.

## 3. ಮೂರೂ ವಸ್ತುವಿನ ಜಾಗವನ್ನು ಒಂದೇ ಕಾಗದದಲ್ಲಿ ಗುರುತು ಮಾಡಿ

ಒಂದನ್ನು ಹಾಕಿ, ಆಮೇಲೆ ಇನ್ನೊಂದಕ್ಕೆ ಜಾಗ ಹುಡುಕಿದರೆ ಎಲ್ಲೋ ಒಂದು ಕಡೆ ಡಿಕ್ಕಿ ಹೊಡೆಯುತ್ತದೆ. 600 ಮಿ.ಮೀ. ಅಗಲವನ್ನು ಹೀಗೆ ಹಂಚಿಕೊಂಡೆ: ಅಂಗಡಿಯಲ್ಲಿ 14 ಇಂಚು ಅನ್ನುವ ಚಾನೆಲ್‌ನ ಉದ್ದ 350 ಮಿ.ಮೀ. ಇರುತ್ತದೆ. ಅದು ಮುಂದಿನ ಅಂಚಿನ ಪಟ್ಟಿ ದಾಟಿ, ಅಂಚಿನಿಂದ 55ರಲ್ಲಿ ಶುರುವಾಗಿ 405ಕ್ಕೆ ಮುಗಿಯುತ್ತದೆ. ವೈರ್ ತೂತಿನ ಮಧ್ಯಬಿಂದು ಹಿಂದಿನ ಅಂಚಿನಿಂದ 85. ತೂತು 60 ಅಂದರೆ ಅದು 55ರಿಂದ 115ರವರೆಗೆ ಬರುತ್ತದೆ, 50ರ ಪಟ್ಟಿಗೆ ತಾಗುವುದಿಲ್ಲ. ಪಟ್ಟಿಯ ಮೇಲೆ ಅರ್ಧ ತೂತು ಬಿದ್ದರೆ ಹೋಲ್ ಸಾ ಒಂದು ಕಡೆ 18, ಇನ್ನೊಂದು ಕಡೆ 36 ಕೊರೆಯಬೇಕಾಗಿ ವಾಲಿಕೊಳ್ಳುತ್ತದೆ.

ಕ್ಲ್ಯಾಂಪ್ ಹಿಂದಿನ ಅಂಚಿನ ಮಧ್ಯದಲ್ಲಿ. ತೂತಿನ ಅಂಚಿಗೂ ಕ್ಲ್ಯಾಂಪ್ ಪ್ಲೇಟಿಗೂ ನಡುವೆ 100 ಮಿ.ಮೀ. ಆದರೂ ಬಿಡಿ. ತೂತಿನ ಸುತ್ತ ಹಲಗೆ ಬಲ ಕಳೆದುಕೊಂಡಿರುತ್ತದೆ. ನಾನು ತೂತನ್ನು ಬಲಗಡೆ ಕೊನೆಯಿಂದ 250ರಲ್ಲಿ ಹಾಕಿದೆ.

ಇನ್ನೆರಡು ವಿಷಯ ಇಲ್ಲೇ ನೋಡಿಬಿಡಿ. ಕ್ಲ್ಯಾಂಪ್ ಬರುವ ಕಡೆ ಟೇಬಲ್‌ನ ಕಬ್ಬಿಣದ ಅಡ್ಡಪಟ್ಟಿ ಅಥವಾ ಕಾಲು ಮರೆಮಾಡುವ ಹಲಗೆ ಅಡ್ಡ ಬರುತ್ತದಾ? ಮತ್ತು ಟೇಬಲ್ ಗೋಡೆಗೆ ಅಂಟಿಕೊಂಡಿದೆಯಾ? ಆರ್ಮ್‌ನ ಮೊಣಕೈ ಹಿಂದಕ್ಕೆ ಚಾಚುತ್ತದೆ. ಗೋಡೆ ಅಡ್ಡ ಇದ್ದರೆ ಮಾನಿಟರ್ ಹಿಂದೆ ತಳ್ಳಲು ಆಗುವುದಿಲ್ಲ, ಮೊಣಕೈಯನ್ನು ಪಕ್ಕಕ್ಕೆ ತಿರುಗಿಸಿಕೊಳ್ಳಬೇಕಾಗುತ್ತದೆ.

## 4. ಮೊದಲು ತೂತು

ತೂತು ಮೊದಲು ಯಾಕೆ ಅಂದರೆ, ಇದೊಂದೇ ಕೆಲಸಕ್ಕೆ ಟೇಬಲ್ ನೆಟ್ಟಗೂ ಇರಬೇಕು, ಬೋರಲೂ ಆಗಬೇಕು. ಹುಡಿಯೂ ಜಾಸ್ತಿ. ಚಾನೆಲ್ ಹಾಕಿದ ಮೇಲೆ ಕೊರೆದರೆ ಅದರ ಬೇರಿಂಗ್ ಗುಂಡುಗಳ ಒಳಗೆಲ್ಲ ಮರದ ಹುಡಿ ತುಂಬುತ್ತದೆ.

ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಗುರುತು ಹಾಕಿ. ಗೋಡೆಗೆ ಬಳಸುವ ಹ್ಯಾಮರ್ ಡ್ರಿಲ್ ಆದರೆ ಹ್ಯಾಮರ್ ಬಟನ್ ಆಫ್ ಇದೆಯಾ ಅಂತ ಎರಡು ಸಲ ನೋಡಿ. ನಿಧಾನದ ವೇಗದಲ್ಲಿ ಮೇಲಿನಿಂದ ಶುರು ಮಾಡಿ, ಹೋಲ್ ಸಾದ ನಡುವಿನ ಬಿಟ್ ಕೆಳಗೆ ಇಣುಕುವವರೆಗೆ ಕೊರೆಯಿರಿ. ಅಲ್ಲಿಗೆ ನಿಲ್ಲಿಸಿ. ಹಾಸಿಗೆಯ ಮೇಲೋ ದಪ್ಪ ರಗ್ಗಿನ ಮೇಲೋ ಟೇಬಲ್ ಬೋರಲು ಮಾಡಿ, ಆ ಚಿಕ್ಕ ತೂತಿನಲ್ಲೇ ಬಿಟ್ ಇಟ್ಟು ಕೆಳಗಿನಿಂದ ಮುಗಿಸಿ. ಒಂದೇ ಕಡೆಯಿಂದ ಪೂರ್ತಿ ಕೊರೆದರೆ ಇನ್ನೊಂದು ಕಡೆ ಸನ್‌ಮೈಕಾ ದೊಡ್ಡ ಚಕ್ಕೆಯಾಗಿ ಎದ್ದು ಬರುತ್ತದೆ. ವೈರ್ ಮ್ಯಾನೇಜರ್‌ನ ಅಂಚು ಮುಚ್ಚುವುದು ಸುತ್ತ ಮೂರು ನಾಲ್ಕು ಮಿ.ಮೀ. ಮಾತ್ರ.

ಸುಟ್ಟ ವಾಸನೆ ಬಂದರೆ ಒತ್ತಡ ಜಾಸ್ತಿಯಾಗಿದೆ ಅಂತ. ಹೋಲ್ ಸಾ ಹೊರಗೆ ತೆಗೆದು ಹಲ್ಲಿನ ಹುಡಿ ಕೊಡವಿ ಮತ್ತೆ ಮುಂದುವರಿಸಿ.

ತೂತಿನ ಒಳಗೋಡೆಗೆ ಬೆರಳಿನಿಂದ ಫೆವಿಕಾಲ್ ಸವರಿ ಒಣಗಲು ಬಿಡಿ. ಪಾರ್ಟಿಕಲ್ ಬೋರ್ಡ್ ನೀರು ಕುಡಿದರೆ ಉಬ್ಬುತ್ತದೆ, ಟೇಬಲ್ ಮೇಲೆ ಚೆಲ್ಲಿದ ಕಾಫಿ ಹುಡುಕಿಕೊಂಡು ಹೋಗುವ ಮೊದಲ ಜಾಗ ಇದೇ.

ಲ್ಯಾಪ್‌ಟಾಪ್ ಚಾರ್ಜರ್‌ನ ಇಟ್ಟಿಗೆಯಂಥ ಡಬ್ಬ ಈ ತೂತಿನಲ್ಲಿ ಹೋಗದೇ ಇರಬಹುದು. ಡಬ್ಬ ಕೆಳಗೇ ಇರಲಿ, ತೆಳು ತುದಿ ಮಾತ್ರ ಮೇಲೆ ಬರಲಿ. ಮೂರು ಪಿನ್ ಪ್ಲಗ್ ಅನ್ನು ಮುಚ್ಚಳ ಹಾಕುವ ಮುಂಚೆಯೇ ದಾಟಿಸಿ. ಮುಚ್ಚಳದ ಸಂದಿಯಲ್ಲಿ ಅದು ಹೋಗುವುದಿಲ್ಲ.

## 5. ಕೀಬೋರ್ಡ್ ಟ್ರೇ: ಇಲ್ಲಿ ಅವಸರ ಬೇಡ

ಜಾಸ್ತಿ ಜನ ಎಡವುವುದು ಇಲ್ಲೇ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಟ್ರೇ ಎಷ್ಟು ಕೆಳಗೆ ಬರಬೇಕು. ನನ್ನ ಚಾನೆಲ್ ಜೊತೆ ಬಂದ ಬ್ರಾಕೆಟ್‌ಗೆ ಹಲಗೆಯ ತಳದಿಂದ ಟ್ರೇ ಮೇಲ್ಮೈಗೆ 60 ಮಿ.ಮೀ. ಸಿಗುತ್ತಿತ್ತು. ಸಾಕಲ್ವಾ ಅನ್ನಿಸುತ್ತದೆ. ಆದರೆ ಮುಂದಿನ ಅಂಚಿನ ಪಟ್ಟಿ ಅದರಲ್ಲಿ 18 ನುಂಗಿಬಿಡುತ್ತದೆ. ಉಳಿದದ್ದು 42. ನನ್ನ ಮೆಕ್ಯಾನಿಕಲ್ ಕೀಬೋರ್ಡ್ ಹಿಂದಿನ ಕಾಲು ತೆರೆದಾಗ 38, ಮೌಸ್ 40. ಎರಡು ಮಿ.ಮೀ. ಸಂದಿ ಅಂದರೆ ಟ್ರೇ ಸ್ವಲ್ಪ ಬಾಗಿದರೂ ಮೌಸ್ ಉಜ್ಜುತ್ತದೆ.

ಪರಿಹಾರ ಪ್ಯಾಕಿಂಗ್. ಬ್ರಾಕೆಟ್ ಬರುವ ಕಡೆ ಹಲಗೆಯ ತಳಕ್ಕೆ 18 ಮಿ.ಮೀ. ಪ್ಲೈವುಡ್ ಪಟ್ಟಿಯನ್ನು ಫೆವಿಕಾಲ್ ಹಚ್ಚಿ, ಸ್ಕ್ರೂ ಹಾಕಿ ಕೂರಿಸಿದೆ. ಈಗ ತಳದಿಂದ ಟ್ರೇಗೆ 78, ಅಂಚಿನ ಪಟ್ಟಿ ಕಳೆದರೆ 60. ಇನ್ನೊಂದು ಲಾಭವೂ ಆಯಿತು. ಸ್ಕ್ರೂ ಹಿಡಿಯುವ ದಪ್ಪ 18ರಿಂದ 36ಕ್ಕೆ ಏರಿತು, ಮತ್ತು ಚಾನೆಲ್‌ನ ಸ್ಕ್ರೂ ಈಗ ಹಿಡಿಯುವುದು ಮೊದಲು ಪ್ಲೈವುಡ್‌ನಲ್ಲಿ.

ಮೊಣಕಾಲಿಗೆ ಜಾಗ ಉಳಿಯುತ್ತದಾ. 750ರ ಟೇಬಲ್‌ನಲ್ಲಿ ಹಲಗೆ 18, ಕೆಳಗೆ 78, ಟ್ರೇ ಹಲಗೆ 18 ಕಳೆದರೆ ಟ್ರೇ ತಳ ನೆಲದಿಂದ 636ರಲ್ಲಿ ಬರುತ್ತದೆ. ನನ್ನ ಕುರ್ಚಿ 450, ಕುಳಿತಾಗ ತೊಡೆಯ ದಪ್ಪ 150, ಒಟ್ಟು 600. ಮೂರೂವರೆ ಸೆಂಟಿಮೀಟರ್ ಉಳಿಯಿತು. ಕುರ್ಚಿಯನ್ನು 480ಕ್ಕೆ ಏರಿಸಿ ಕೂರುವವರಿಗೆ ಇದೇ ಟ್ರೇ ತೊಡೆಗೆ ತಾಗುತ್ತದೆ. ಅಂಥವರು ಪ್ಯಾಕಿಂಗ್ ಬಿಟ್ಟು ತೆಳು ಕೀಬೋರ್ಡ್ ಬಳಸುವುದೇ ವಾಸಿ. ನಿಮ್ಮ ಅಳತೆಯಲ್ಲಿ 20 ಮಿ.ಮೀ.ಗಿಂತ ಕಡಿಮೆ ಉಳಿದರೆ ಟ್ರೇ ಆಸೆಯನ್ನೇ ಬಿಡಿ ಅನ್ನುವುದು ನನ್ನ ಅಭಿಪ್ರಾಯ.

ಟ್ರೇ ಅಗಲ. ಪಕ್ಕಕ್ಕೆ ಕೂರುವ ಟೆಲಿಸ್ಕೋಪಿಕ್ ಚಾನೆಲ್‌ಗೆ ಒಂದೊಂದು ಕಡೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಜಾಗ ಬೇಕು. ಎರಡೂ ಸೇರಿ 26 ಹಿಡಿಯಿರಿ. ಎರಡು ಬ್ರಾಕೆಟ್‌ಗಳ ಒಳ ಅಂತರ 700 ಇದ್ದರೆ ಟ್ರೇ 674. ಎರಡು ಮಿ.ಮೀ. ಜಾಸ್ತಿಯಾದರೆ ಟ್ರೇ ಬಿಗಿಯುತ್ತದೆ. ಕಡಿಮೆಯಾದರೆ ಚಾನೆಲ್ ಒಳಕ್ಕೆ ಎಳೆದುಕೊಂಡು ಗುಂಡುಗಳು ಕಟಕಟ ಅನ್ನುತ್ತವೆ.

ಸ್ಕ್ರೂ ಉದ್ದ. ಪ್ಯಾಕಿಂಗ್ ಇಲ್ಲದೆ ನೇರ 18ರ ಹಲಗೆಗೆ ಹಾಕುವವರು ಇದನ್ನು ಗಮನ ಇಟ್ಟು ಓದಿ. ಬ್ರಾಕೆಟ್ ತಗಡು ಒಂದೂವರೆ ಮಿ.ಮೀ. ಇದೆ ಅಂದುಕೊಳ್ಳಿ. 16 ಮಿ.ಮೀ. ಸ್ಕ್ರೂ ಹಲಗೆಯೊಳಗೆ ಹದಿನಾಲ್ಕೂವರೆ ಹೋಗುತ್ತದೆ, ಮೂರೂವರೆ ಉಳಿಯುತ್ತದೆ. ಒಳ್ಳೆಯದು. ಆದರೆ ಅಂಗಡಿಯಲ್ಲಿ ಸುಮ್ನೆ ‘ಹದಿನೆಂಟರ ಹಲಗೆಗೆ ಸ್ಕ್ರೂ ಕೊಡಿ’ ಅಂದರೆ ಮುಕ್ಕಾಲು ಇಂಚಿನದು ಕೈಗೆ ಬರಬಹುದು. ಮುಕ್ಕಾಲು ಇಂಚು ಅಂದರೆ 19 ಮಿ.ಮೀ. ಅದು ಹದಿನೇಳೂವರೆ ಒಳಗೆ ಹೋಗುತ್ತದೆ, ಮೇಲೆ ಅರ್ಧ ಮಿ.ಮೀ. ಮಾತ್ರ. ಸನ್‌ಮೈಕಾ ಅಲ್ಲಿ ಮೊಡವೆಯ ಹಾಗೆ ಉಬ್ಬುತ್ತದೆ. ನೋಟಕ್ಕೆ ಕಾಣದಿದ್ದರೂ ಅಂಗೈ ಸವರಿದರೆ ಸಿಗುತ್ತದೆ. 16 ಸಿಗದಿದ್ದರೆ 19ರ ಸ್ಕ್ರೂಗೆ ಎರಡು ವಾಶರ್ ಹಾಕಿ ಉದ್ದ ಕಡಿಮೆ ಮಾಡಿಕೊಳ್ಳಿ. ಪ್ಯಾಕಿಂಗ್ ಹಾಕಿದವರಿಗೆ ಒಂದಿಂಚು ಸ್ಕ್ರೂ ಸರಿಯಾಗುತ್ತದೆ.

ಕೂರಿಸುವುದು. ಟೇಬಲ್ ಇನ್ನೂ ಬೋರಲಾಗಿಯೇ ಇದೆಯಲ್ಲ, ಈಗಲೇ ಮಾಡಿ. 2.5 ಮಿ.ಮೀ. ಬಿಟ್‌ಗೆ ತುದಿಯಿಂದ 12 ಮಿ.ಮೀ. ಬಿಟ್ಟು ಮಾಸ್ಕಿಂಗ್ ಟೇಪ್‌ನ ಬಾವುಟ ಸುತ್ತಿ. ಬಾವುಟ ಹಲಗೆ ಗುಡಿಸತೊಡಗಿದಾಗ ನಿಲ್ಲಿಸಿ. ಒಂದು ಬ್ರಾಕೆಟ್ ಪೂರ್ತಿ ಬಿಗಿಯಿರಿ. ಇನ್ನೊಂದನ್ನು ಉದ್ದ ತೂತುಗಳಲ್ಲಿ ಸಡಿಲವಾಗಿ ಹಿಡಿಸಿ, ಟ್ರೇ ಹಾಕಿ ಹತ್ತು ಸಲ ಒಳಗೆ ಹೊರಗೆ ಎಳೆದಾಡಿ. ಅದು ತಾನೇ ತನ್ನ ಜಾಗ ಹುಡುಕಿಕೊಳ್ಳುತ್ತದೆ. ಆಮೇಲೆ ಬ್ರಾಕೆಟ್‌ಗಳ ನಡುವಿನ ಅಂತರವನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಿರಿ. ಒಂದು ಮಿ.ಮೀ.ಗಿಂತ ವ್ಯತ್ಯಾಸ ಇರಬಾರದು. ಕೊನೆಯ ಬಿಗಿತ ಕೈಯಿಂದಲೇ. ಡ್ರಿಲ್‌ನಲ್ಲಿ ಬಿಗಿದರೆ ಪಾರ್ಟಿಕಲ್ ಬೋರ್ಡ್‌ನ ಎಳೆ ಕಿತ್ತು ಸ್ಕ್ರೂ ಸುಮ್ಮನೆ ಸುತ್ತುತ್ತದೆ. ಹಾಗಾದರೆ ಬೆಂಕಿಕಡ್ಡಿಯ ಮದ್ದು ಮುರಿದು, ಫೆವಿಕಾಲ್‌ನಲ್ಲಿ ಅದ್ದಿ ಎರಡು ಮೂರು ಕಡ್ಡಿ ತೂತಿಗೆ ತುರುಕಿ. ಒಂದು ರಾತ್ರಿ ಬಿಟ್ಟು ಮತ್ತೆ ಸ್ಕ್ರೂ ಹಾಕಿ.

ಟ್ರೇ ಪೂರ್ತಿ ಹೊರಗೆ ಬಂದಾಗ ಮಾತ್ರ ಬಿಗಿ ಅನ್ನಿಸಿದರೆ ಬ್ರಾಕೆಟ್‌ಗಳು ಮುಂದೆ ಹತ್ತಿರವಾಗಿವೆ ಅಂತ. ಒಳಗೆ ತಳ್ಳುವಾಗ ಕೊನೆಯಲ್ಲಿ ಬಿಗಿಯಾದರೆ ಹಿಂದೆ.

## 6. ಕೊನೆಗೆ ಮಾನಿಟರ್ ಆರ್ಮ್

ಡಬ್ಬದ ಮೇಲೆ ಕ್ಲ್ಯಾಂಪ್‌ನ ದಪ್ಪದ ಮಿತಿ ಬರೆದಿರುತ್ತದೆ. 10ರಿಂದ 60 ಮಿ.ಮೀ. ಎಂಬಂಥ ಮಿತಿ ಸಾಮಾನ್ಯ. ಇದು ಬಾಯಿ ಎಷ್ಟು ತೆರೆಯುತ್ತದೆ ಎಂಬ ಲೆಕ್ಕ ಅಷ್ಟೇ. 10 ಮಿ.ಮೀ. ಹಲಗೆ ಮಾನಿಟರ್ ತಾಳುತ್ತದೆ ಅಂತ ಅದರ ಅರ್ಥ ಅಲ್ಲ.

ಯಾಕೆ ಅಂದರೆ, ನನ್ನ ಮಾನಿಟರ್ ಸ್ಟ್ಯಾಂಡ್ ಬಿಚ್ಚಿದ ಮೇಲೆ ನಾಲ್ಕೂವರೆ ಕೆ.ಜಿ. ತೂಗುತ್ತದೆ. ಆರ್ಮ್ ಮುಂದಕ್ಕೆ ಚಾಚಿದಾಗ ಮಾನಿಟರ್ ಕ್ಲ್ಯಾಂಪ್ ಪ್ಲೇಟ್‌ನ ಮುಂದಿನ ಅಂಚಿನಿಂದ 45 ಸೆಂ.ಮೀ. ದೂರ ನಿಲ್ಲುತ್ತದೆ. ಅದೇ ಅಂಚಿನಿಂದ ಹಿಂದಕ್ಕೆ, ಕೆಳಗಿನ ಒತ್ತುಬಿಲ್ಲೆ ಇರುವುದು ಸುಮಾರು 5 ಸೆಂ.ಮೀ. ದೂರದಲ್ಲಿ. ಸನ್ನೆಗೋಲಿನ ಲೆಕ್ಕ: ಒಂಬತ್ತು ಪಟ್ಟು. ಅಂದರೆ ಆ ಚಿಕ್ಕ ಬಿಲ್ಲೆ ಹಲಗೆಯ ತಳವನ್ನು 40 ಕೆ.ಜಿ. ಬಲದಲ್ಲಿ ಮೇಲಕ್ಕೆ ಒತ್ತುತ್ತದೆ. ಇದು ಆರ್ಮ್‌ನ ಸ್ವಂತ ಭಾರ ಮತ್ತು ನೀವು ತಿರುಚಿ ಬಿಗಿದ ಒತ್ತಡ ಬಿಟ್ಟು.

ಆ ಬಿಲ್ಲೆ ಎಲ್ಲಿ ಕೂರುತ್ತದೆ ಎಂಬುದೇ ಮುಖ್ಯ. ನನ್ನ ಟೇಬಲ್‌ನಲ್ಲಿ ಹಿಂದಿನ ಪಟ್ಟಿ 50 ಅಗಲ, ಬಿಲ್ಲೆಯ ಮಧ್ಯಬಿಂದು ಕೂಡ ಅಂಚಿನಿಂದ 50. ಅರ್ಧ ಪಟ್ಟಿಯ ಮೇಲೆ, ಅರ್ಧ ಗಾಳಿಯಲ್ಲಿ. ಬಿಗಿದ ಕೂಡಲೇ ಕ್ಲ್ಯಾಂಪ್ ಓರೆಯಾಯಿತು. ಅದಕ್ಕೇ ಪಟ್ಟಿಗೆ ತಾಗಿಸಿ ಒಳಬದಿಗೆ 200 × 100 ಮಿ.ಮೀ. ಅಳತೆಯ 18ರ ಪ್ಲೈ ಚೂರನ್ನು ಅಂಟಿಸಿ ಸಮತಟ್ಟು ಮಾಡಿದೆ. ಅದರ ಕೆಳಗೂ, ಹಲಗೆಯ ಮೇಲೂ 2 ಮಿ.ಮೀ. ಕಬ್ಬಿಣದ ಪ್ಲೇಟ್ ಇಟ್ಟೆ. ಒಟ್ಟು ದಪ್ಪ 40, 60ರ ಮಿತಿಯ ಒಳಗೇ ಇದೆ.

ಕೆಲವು ಆರ್ಮ್‌ಗಳಲ್ಲಿ ಕ್ಲ್ಯಾಂಪ್‌ನ ಕೆಳತುಂಡನ್ನು ಎರಡು ಎತ್ತರದಲ್ಲಿ ಕೂರಿಸಬಹುದು. ಮೊದಲು ಚಿಕ್ಕ ಬಾಯಿಯ ಜಾಗದಲ್ಲಿ ಪ್ರಯತ್ನಿಸಿ. ತಿರುಪು ಪೂರ್ತಿ ಉದ್ದಕ್ಕೆ ಹೊರಬಂದ ಸ್ಥಿತಿಯಲ್ಲಿ ಬಿಗಿದರೆ ಅದು ಬಾಗುತ್ತದೆ.

ಕ್ಲ್ಯಾಂಪ್ ಬದಲು ಹಲಗೆಗೆ ತೂತು ಹಾಕಿ ಬೋಲ್ಟ್‌ನಿಂದ ಬಿಗಿಯುವ ಕಿಟ್ ಕೂಡ ಡಬ್ಬದಲ್ಲಿ ಇರುತ್ತದೆ. ಅದರ ದಪ್ಪದ ಮಿತಿ ಬೇರೆ ಇರುತ್ತದೆ, ಬೋಲ್ಟ್ ಉದ್ದದ ಮೇಲೆ ನಿಂತಿರುತ್ತದೆ. 60 ಮಿ.ಮೀ. ವೈರ್ ತೂತಿಗೇ ಅದನ್ನು ಹಾಕಿಬಿಡೋಣ ಅಂದುಕೊಳ್ಳಬೇಡಿ, ತುಂಬಾ ಕಿಟ್‌ಗಳ ಪ್ಲೇಟ್ ಅಷ್ಟು ದೊಡ್ಡ ತೂತನ್ನು ಸರಿಯಾಗಿ ಮುಚ್ಚುವುದಿಲ್ಲ.

ಮಾನಿಟರ್ ಹಿಂದಿನ ನಾಲ್ಕು ತೂತು 75 × 75 ಅಥವಾ 100 × 100 ಮಿ.ಮೀ. ಇದೆಯಾ ನೋಡಿ, ಜೊತೆಗೆ ಬಂದ ಸ್ಕ್ರೂಗಳನ್ನೇ ಬಳಸಿ. ಮಾನಿಟರ್ ಹಾಕಿದ ಮೇಲೆ ಅದು ತಾನೇ ಕೆಳಗಿಳಿದರೆ ಕ್ಲ್ಯಾಂಪ್ ಬೈಯಬೇಡಿ, ಆರ್ಮ್‌ನ ಸ್ಪ್ರಿಂಗ್ ಅನ್ನು ಆಲನ್ ಕೀಯಲ್ಲಿ ಬಿಗಿಮಾಡಬೇಕು. ಮಾನಿಟರ್ ಹಾಕದೆ ಮಾತ್ರ ಮಡಚಿದ ಆರ್ಮ್ ಅನ್ನು ಬಿಡಬೇಡಿ. ಸ್ಪ್ರಿಂಗ್ ಅದನ್ನು ಚಟ್ಟನೆ ಮೇಲಕ್ಕೆ ಎಸೆಯುತ್ತದೆ, ಎದುರಿಗೆ ನಿಮ್ಮ ಗದ್ದ ಇರುತ್ತದೆ.

## 7. ವೈರು ಕಟ್ಟುವಾಗ

ಟ್ರೇ 350 ಮಿ.ಮೀ. ಮುಂದೆ ಬರುತ್ತದೆ, ಕೀಬೋರ್ಡ್ ವೈರಿಗೂ ಅಷ್ಟು ಸಡಿಲ ಬೇಕು. ಟ್ರೇ ಪೂರ್ತಿ ಹೊರಗೆ ಎಳೆದು, ಆರ್ಮ್ ಪೂರ್ತಿ ಚಾಚಿ, ಆಮೇಲೇ ಟ್ಯಾಗ್ ಬಿಗಿಯಿರಿ. ಒಳಗಿದ್ದಾಗ ಕಟ್ಟಿದವರ ಯುಎಸ್‌ಬಿ ಪೋರ್ಟ್ ಸಡಿಲವಾಗುವುದು ಹೀಗೆಯೇ. ಸಡಿಲ ವೈರು ಚಾನೆಲ್‌ನ ಗುಂಡುಗಳ ದಾರಿಯಲ್ಲಿ ಜೋತು ಬೀಳದ ಹಾಗೆ ಟ್ರೇ ಮಧ್ಯಕ್ಕೆ ತಂದು ಕಟ್ಟಿ.

## 8. ಮರುದಿನ ಬೆಳಗ್ಗೆ, ಮತ್ತೆ ಎರಡು ವಾರಕ್ಕೆ

ಆರ್ಮ್ ಮುಂದಕ್ಕೆ ಚಾಚಿ, ಕ್ಲ್ಯಾಂಪ್ ಪ್ಲೇಟ್‌ನ ಹಿಂದಿನ ಅಂಚಿನ ಕೆಳಗೆ ಒಂದು ಕಾಗದದ ಚೂರು ತೂರಿಸಿ ನೋಡಿ. ಹೋದರೆ ಪ್ಲೇಟ್ ಹಿಂದೆ ಎದ್ದಿದೆ, ಕಾಲು ಸುತ್ತು ಬಿಗಿಮಾಡಿ. ಎರಡು ವಾರದ ನಂತರವೂ ಕಾಗದ ಹೋಗುತ್ತಿದ್ದರೆ ಬಿಗಿಯುವುದನ್ನು ನಿಲ್ಲಿಸಿ. ಸಡಿಲವಾಗುತ್ತಿರುವುದು ತಿರುಪಲ್ಲ, ಹಲಗೆ ಕುಸಿಯುತ್ತಿದೆ. ಪ್ಲೇಟ್ ಸುತ್ತ ಸನ್‌ಮೈಕಾದಲ್ಲಿ ಬಿಳಿ ಗೆರೆ, ಮಾನಿಟರ್ ಎಳೆದಾಗ ಚಿಟ್ ಅನ್ನುವ ಸದ್ದು, ಕೆಳಗೆ ನೆಲದ ಮೇಲೆ ಮರದ ಹುಡಿ, ಇವುಗಳಲ್ಲಿ ಒಂದು ಕಂಡರೂ ಮಾನಿಟರ್ ಅನ್ನು ಅದರ ಸ್ಟ್ಯಾಂಡ್‌ಗೆ ವಾಪಸ್ ಹಾಕಿ. ಕ್ಲ್ಯಾಂಪ್ ಬಿಚ್ಚಿ ಕೆಳಗಿನ ಗುರುತು ನೋಡಿ. ಬಿಲ್ಲೆಯ ಅಚ್ಚು ಉಗುರು ಸಿಕ್ಕಿಕೊಳ್ಳುವಷ್ಟು ಆಳ ಇದ್ದರೆ ಅಲ್ಲಿ ಮತ್ತೆ ಬಿಗಿಯಬೇಡಿ. ಒಂದು ಗೇಣು ಪಕ್ಕಕ್ಕೆ ಸರಿಸಿ, ಈ ಸಲ ಪ್ಲೇಟ್ ದೊಡ್ಡದು ಹಾಕಿ.